ಅಕ್ಟೋಬರ್ 6 ಜೂನ್ 10 ಆದಾಗ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರ ಸ್ಲ್ಯಾಬ್‌ಗಳು ಬಹುತೇಕ ಹೋದವು. ಟಿವಿ, ಏಸಿ, ಸಿಮೆಂಟ್ ಬಗ್ಗೆ ಎಲ್ಲರೂ ಮಾತಾಡಿದರು. ಪುಣೆಯ ನಮ್ಮ ಕಂಪನಿಗೆ ತಲೆನೋವಾದದ್ದು ರಟ್ಟಿನ ಡಬ್ಬ. ಕೊರುಗೇಟೆಡ್ ಬಾಕ್ಸ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿತ್ತು. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹಳೆಯ ದರವನ್ನು ಹಾಗೇ ಬಿಟ್ಟಿದ್ದ ಪೂರೈಕೆದಾರರು ಹಲವರಿದ್ದರು.

ಪಿಡಿಎಫ್ ಇನ್‌ವಾಯ್ಸ್‌ಗಳಿಂದ ಪ್ರತಿ ಐಟಂನ ಪ್ರಮಾಣ, ದರ, ತೆರಿಗೆ ತೆಗೆದು ಸಿಎಸ್‌ವಿ ಮಾಡಿ ಅಕೌಂಟ್ಸ್‌ಗೆ ಕೊಡುವ ಪ್ರೋಗ್ರಾಮ್ ನನ್ನದು. ಅಲ್ಲಿಯವರೆಗೆ ಅದರ ತಪಾಸಣೆಯೆಲ್ಲ ಲೆಕ್ಕದ್ದೇ ಆಗಿತ್ತು. ಪ್ರಮಾಣವನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು, ಅದರ ಮೇಲೆ ತೆರಿಗೆ ಸರಿಯಾಗಬೇಕು, ಎಲ್ಲ ಸೇರಿ ಕೆಳಗಿನ ಒಟ್ಟು ಮೊತ್ತಕ್ಕೆ ತಾಳೆಯಾಗಬೇಕು. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ 38.00 ಎಂಬುದು 33.00 ಆಗಿ ಓದಿಕೊಂಡರೆ ಇದು ಕೂಡಲೇ ಹಿಡಿಯುತ್ತದೆ. ಹಳೆಯ ದರವನ್ನು ಹಿಡಿಯುವುದಿಲ್ಲ. ಶೇ 12 ಹಾಕಿದ ಬಿಲ್ಲಿನ ಲೆಕ್ಕವೂ ಪೈಸೆ ಪೈಸೆ ಸರಿಯೇ ಇರುತ್ತದೆ. ಹಾಗಾಗಿ ಒಂದು ತಪಾಸಣೆ ಸೇರಿಸಿದೆ: ಎಚ್‌ಎಸ್‌ಎನ್ ಕೋಡ್ ನೋಡು, ಇನ್‌ವಾಯ್ಸ್ ದಿನಾಂಕ ನೋಡು, ಆ ದಿನದ ದರದ ಜೊತೆ ಹೋಲಿಸು.

ಸೆಪ್ಟೆಂಬರ್ ಕೊನೆಯ ವಾರದ ಬಿಲ್‌ಗಳ ಮೇಲೆ ಓಡಿಸಿದೆ. ತಪ್ಪು ದರದವೆಲ್ಲ ಸಿಕ್ಕಿಬಿದ್ದವು. ನಾನೂ ಬೀಗಿದೆ.

ಅಕ್ಟೋಬರ್‌ನಲ್ಲಿ ಬೆಳಗಾವಿ ಕಡೆಯ ಪೂರೈಕೆದಾರರೊಬ್ಬರ ಬಿಲ್ ಬಂತು. ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬರುವ ಮಾಲಾದ್ದರಿಂದ ಐಜಿಎಸ್‌ಟಿ. ಅದರ ಎರಡು ಸಾಲು ಹೀಗಿದ್ದವು:

```
inv_no,inv_date,hsn,qty,rate,taxable,igst_pct,igst
412,06-10-2025,48191010,1200,21.50,25800.00,12,3096.00
412,06-10-2025,48191010,500,38.00,19000.00,12,2280.00
```

ತೆರಿಗೆ 5,376 ರೂಪಾಯಿ. ಶೇ 5ರಂತೆ ಆಗಬೇಕಿದ್ದದ್ದು 2,240. ಹೆಚ್ಚಾಗಿದ್ದದ್ದು 3,136. ಆದರೂ ನನ್ನ ಪ್ರೋಗ್ರಾಮ್ ಇದನ್ನು ಸರಿ ಎಂದು ಪಾಸ್ ಮಾಡಿತ್ತು.

ಹಿಡಿದವರು ಅಕೌಂಟ್ಸ್‌ನಲ್ಲಿರುವ ವಿಜಯಪುರದ ಹಿರಿಯರೊಬ್ಬರು. ತಿದ್ದಿದ ಫೈಲ್ ನೋಡಿ, ‘ಏನ್ರೀ, ಇವ್ರ 411ನೇ ಬಿಲ್ ಸೆಪ್ಟೆಂಬರ್‌ದು, 412 ಜೂನ್‌ದು ಹೆಂಗಾಗ್ತದ?’ ಎಂದರು.

ಪೈಥಾನ್‌ನ ಪಾಂಡಾಸ್‌ಗೆ ‘06-10-2025’ ಎಂದು ಕೊಟ್ಟು ಏನೂ ಹೇಳದೆ ಬಿಟ್ಟರೆ ಅದು ಅಮೆರಿಕದ ರೂಢಿಯಂತೆ ಮೊದಲು ತಿಂಗಳು ಎಂದುಕೊಳ್ಳುತ್ತದೆ. ಅಕ್ಟೋಬರ್ 6 ಜೂನ್ 10 ಆಯಿತು. ಜೂನ್‌ನಲ್ಲಿ ಶೇ 12 ಸರಿಯೇ! ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇದು ಕಾಣಲಿಲ್ಲ ಏಕೆಂದರೆ 24ನೇ ತಿಂಗಳು ಎಂಬುದಿಲ್ಲ. ನಾನು ಬಿಲ್‌ಗಳನ್ನು ಒಂದೊಂದಾಗಿ ಓದಿಸುತ್ತಿದ್ದರಿಂದ ಅದು ಒಂದು ಎಚ್ಚರಿಕೆ ಮುದ್ರಿಸಿ, ದಿನವನ್ನೇ ಮೊದಲು ಎಂದು ತೆಗೆದುಕೊಂಡಿತ್ತು. ಆ ಎಚ್ಚರಿಕೆಯನ್ನು ನಾನು ಓದಿರಲಿಲ್ಲ. ಅಂದರೆ ಪ್ರತಿ ತಿಂಗಳ 13ರಿಂದ ಎಲ್ಲ ಸರಿ, ಮೊದಲ 12 ದಿನ ಅಪಾಯ. ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೂ ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಇದೇ ಕಥೆ. ಈಗ ಊಹೆಗೆ ಜಾಗವಿಲ್ಲ:

```python
pd.to_datetime(s, format="%d-%m-%Y")
```

ಬೇರೆ ರೂಪದ ದಿನಾಂಕ ಬಂದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ಫೈಲ್‌ಗೆ ಬರೆಯುವಾಗ 2025-10-06 ಎಂದೇ ಬರೆಯುತ್ತೇವೆ. ಇನ್ನೊಂದು ಸಾಕ್ಷಿಯೂ ಇದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಇ-ಇನ್‌ವಾಯ್ಸ್ ಕೊಡಬೇಕು, ಅದರ ಕ್ಯೂಆರ್ ಕೋಡ್‌ನೊಳಗೆ ಬಿಲ್ ಸಂಖ್ಯೆ, ದಿನಾಂಕ, ಒಟ್ಟು ಮೊತ್ತದ ಜೊತೆ ಎಷ್ಟು ಐಟಂ ಸಾಲುಗಳಿವೆ ಎಂಬುದೂ ಇರುತ್ತದೆ. ಎರಡನೇ ಪುಟ ಸ್ಕ್ಯಾನ್ ಆಗದೆ ಉಳಿದಿದ್ದರೆ ಆ ಸಾಲಿನ ಎಣಿಕೆ ಹೇಳಿಬಿಡುತ್ತದೆ. ಸಣ್ಣ ಪೂರೈಕೆದಾರರ ಬಿಲ್‌ನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ವಿಜಯಪುರದವರ ಉಪಾಯವೇ ಗತಿ: ಒಬ್ಬ ಪೂರೈಕೆದಾರರ ಬಿಲ್ ಸಂಖ್ಯೆ ಏರುವಾಗ ದಿನಾಂಕ ಹಿಂದಕ್ಕೆ ಹೋಗಬಾರದು.

ಸೆಪ್ಟೆಂಬರ್ 22ರ ನಂತರದ ಶೇ 12 ಎಲ್ಲವೂ ತಪ್ಪೂ ಅಲ್ಲ. ಆಗಸ್ಟ್‌ನಲ್ಲಿ ಕೊಂಡ ಡಬ್ಬವನ್ನು ಅಕ್ಟೋಬರ್‌ನಲ್ಲಿ ವಾಪಸ್ ಮಾಡಿದರೆ ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ಹಳೆಯ ದರದಲ್ಲೇ ಬರಬೇಕು. ಅದಕ್ಕೆ ದಾಖಲೆಯ ವಿಧ ಮತ್ತು ಮೂಲ ಬಿಲ್ ಸಂಖ್ಯೆಯ ಎರಡು ಕಾಲಂ ಸೇರಿಸಿದೆ. ದರ ಬದಲಾದ ದಿನದ ಆಚೀಚೆ ಬಿಲ್, ಪೂರೈಕೆ, ಪಾವತಿ ಹರಡಿಕೊಂಡಿದ್ದರೆ ಬರೀ ಬಿಲ್ ದಿನಾಂಕದಿಂದ ದರ ತೀರ್ಮಾನಿಸಲು ಆಗುವುದಿಲ್ಲ. ಪಾವತಿಯ ದಿನಾಂಕವಂತೂ ಬಿಲ್‌ನಲ್ಲಿ ಇರುವುದೇ ಇಲ್ಲ. ಅಂಥವನ್ನು ಪ್ರೋಗ್ರಾಮ್ ಸರಿ ಎನ್ನುವುದಿಲ್ಲ, ತಪ್ಪು ಎನ್ನುವುದಿಲ್ಲ, ಅಕೌಂಟ್ಸ್‌ನವರ ಮೇಜಿಗೆ ಕಳಿಸುತ್ತದೆ.

412ಕ್ಕೆ 3,136 ರೂಪಾಯಿಯ ಕ್ರೆಡಿಟ್ ನೋಟ್ ಬಂತು. ಅದನ್ನು ಓದಿಸಿದಾಗ ದಿನಾಂಕವನ್ನು ನಾನೇ ಕಣ್ಣಾರೆ ನೋಡಿದೆ.