ಮೂರು ಕೊಟೇಶನ್ ನಡುವಿನ ಸಂದಿಯಲ್ಲಿ ಸೋರುವ ರೊಕ್ಕ

ಮಿಶ್ರಿಕೋಟಿಯಂಥ ಊರಿನಲ್ಲಿ ಲಗ್ನ ಗೊತ್ತಾದ ಕೂಡಲೇ ಮನೆಯವರು ಮೂರು ಕಡೆ ಓಡಾಡುತ್ತಾರೆ. ಮಂಟಪಕ್ಕೆ ಕಲಘಟಗಿ ಅಥವಾ ಹುಬ್ಬಳ್ಳಿ, ಅಡುಗೆಯವರು ಇನ್ನೊಂದೂರಿನವರು, ಡೆಕೋರೇಷನ್‌ನವರು ಯಾರೋ ಸಂಬಂಧಿಕರು ಹೇಳಿದವರು. ಮೂವರಿಂದಲೂ ರೇಟ್ ಕೇಳಿ, ಕಡಿಮೆ ಹೇಳಿದವರಿಗೆ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಲಗ್ನ ಮುಗಿದ ಸಂಜೆ ಲೆಕ್ಕಕ್ಕೆ ಕೂತಾಗ, ಕೊಟೇಶನ್‌ದಾಗ ಇಲ್ಲದ ಖರ್ಚುಗಳು ಒಂದೊಂದಾಗಿ ಹೊರಬರುತ್ತವೆ.

ಇದಕ್ಕೆ ಎಲ್ಲರೂ ಮಂಟಪದವರ ದುರಾಸೆಯನ್ನು ಬೈಯುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೆಚ್ಚಿನ ರೊಕ್ಕ ಸೋರುವುದು ಮೂರು ಕೊಟೇಶನ್‌ಗಳ ನಡುವಿನ ಸಂದಿಯಲ್ಲಿ. ಅಡುಗೆಗೆ ಹಂಡೆ, ಕೊಳಗ ಯಾರು ತರಬೇಕು? ಮಂಟಪದವರು ಅಡುಗೆಯವರ ಮೇಲೆ ಹಾಕುತ್ತಾರೆ, ಅಡುಗೆಯವರು ಮಂಟಪದ ಮೇಲೆ. ಡೆಕೋರೇಷನ್ ಲೈಟಿಗೆ ಕರೆಂಟ್ ಹೋದರೆ ಜನರೇಟರ್ ಡೀಸೆಲ್ ಯಾರದು? ಊಟದ ನಂತರ ಎಲೆ ಎತ್ತಿ, ಅಡುಗೆಮನೆ ತೊಳೆಯುವವರು ಯಾರು? ಇಬ್ಬರೂ ತಮ್ಮದಲ್ಲ ಎಂದ ಕೆಲಸ ಕೊನೆಗೆ ಲಗ್ನದ ಮನೆಯವರ ತಲೆಗೆ ಬರುತ್ತದೆ. ಆದ್ದರಿಂದ ಮಂಟಪಕ್ಕೆ ಮಂಟಪ, ಅಡುಗೆಗೆ ಅಡುಗೆ ಎಂದು ಬಿಡಿಬಿಡಿಯಾಗಿ ಹೋಲಿಸಿದರೆ ಸಾಲದು. ಖರ್ಚಿನ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಪ್ರತಿ ಸಾಲಿನ ಮುಂದೆ ಅವರಿಂದ ಅಂಕಿ ಹಾಕಿಸಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳು ನಾನು ಲೆಕ್ಕ ತೋರಿಸಲು ಹಿಡಿದವು, ಯಾವ ಮಂಟಪದವೂ ಅಲ್ಲ. ಊಟಕ್ಕೆ 500 ಎಲೆ. ಹಿಂದಿನ ದಿನ ಸಂಜೆಯಿಂದ ಮರುದಿನ ಸಂಜೆವರೆಗೆ ಮಂಟಪ ಬೇಕು. ಕರೆಂಟ್ 300 ಯುನಿಟ್, ಜನರೇಟರ್ 4 ತಾಸು ಓಡುತ್ತದೆ ಎಂದು ಹಿಡಿಯೋಣ. ಬೀಗರಿಗೆ 4 ರೂಮು ಬೇಕು, ಡೆಕೋರೇಷನ್‌ನವರು ಹೊರಗಿನವರು.

| ಖರ್ಚಿನ ಬಾಬು | ಮಂಟಪ 1 (ರೂ.) | ಮಂಟಪ 2 (ರೂ.) |
|---|---|---|
| ಹೇಳಿದ ಬಾಡಿಗೆ | 40,000 | 65,000 |
| ಜಿಎಸ್‌ಟಿ ಶೇ. 18 | 7,200 | ಬಾಡಿಗೆಯಲ್ಲೇ ಸೇರಿದೆ |
| ಕರೆಂಟ್ (ಯುನಿಟ್‌ಗೆ 15 / 12) | 4,500 | 3,600 |
| ಜನರೇಟರ್ (ತಾಸಿಗೆ 1,200) | 4,800 | 5 ತಾಸು ಉಚಿತ |
| ಸ್ವಚ್ಛತೆ | 5,000 | ಸೇರಿದೆ |
| ಅಡುಗೆ ಪಾತ್ರೆ | 6,000 | ಸೇರಿದೆ |
| ರೂಮು 4 | 4,000 | ಸೇರಿದೆ |
| ಹೊರಗಿನ ಡೆಕೋರೇಷನ್‌ಗೆ ಶುಲ್ಕ | 8,000 | ಇಲ್ಲ |
| ಒಟ್ಟು | 79,500 | 68,600 |

ಬಾಡಿಗೆ ನೋಡಿದರೆ ಮೊದಲನೆಯದು 25,000 ಅಗ್ಗ. ಒಟ್ಟು ನೋಡಿದರೆ 10,900 ತುಟ್ಟಿ. ಇಲ್ಲಿ ತೆರಿಗೆಯನ್ನು ಬಾಡಿಗೆಯ ಮೇಲೆ ಮಾತ್ರ ಹಿಡಿದಿದ್ದೇನೆ. ಸ್ವಚ್ಛತೆ, ಪಾತ್ರೆ, ರೂಮುಗಳನ್ನೂ ಅದೇ ಬಿಲ್ಲಿಗೆ ಸೇರಿಸಿ ತೆರಿಗೆ ಹಾಕಿದರೆ ಅಂತರ ಇನ್ನೂ ಬೆಳೆಯುತ್ತದೆ. ಎರಡನೆಯವರು ಧರ್ಮಕ್ಕೆ ಕೊಟ್ಟಿಲ್ಲ. ಖರ್ಚನ್ನು ಮುಂಚೆಯೇ ಹೇಳಿದ್ದಾರೆ, ಅಷ್ಟೇ. ಆದರೆ ಬಾಯಿಮಾತಿನ ರೇಟ್ ಕೇಳುವ ಪದ್ಧತಿಯಲ್ಲಿ ಹಾಗೆ ಹೇಳಿದವರೇ ಗಿರಾಕಿ ಕಳೆದುಕೊಳ್ಳುತ್ತಾರೆ.

ಪಟ್ಟಿಯಲ್ಲಿ ಇನ್ನೆರಡು ಸಾಲು ಇರಲೇಬೇಕು. ಒಂದು, ಬಾಡಿಗೆಯ ದಿನ ಯಾವ ತಾಸಿಗೆ ಶುರುವಾಗಿ ಯಾವ ತಾಸಿಗೆ ಮುಗಿಯುತ್ತದೆ, ಮೀರಿದರೆ ತಾಸಿಗೆ ಎಷ್ಟು ಎಂಬುದು. ಸಂಜೆ 4ಕ್ಕೆ ಮಂಟಪ ಬಿಡಬೇಕು, ಡೆಕೋರೇಷನ್‌ನವರು ಬಿಚ್ಚಲು ಬರುವುದೇ 6ಕ್ಕೆ ಅಂದರೆ ಆ ಎರಡು ತಾಸಿನ ರೊಕ್ಕ ಕೊಡುವವರು ನೀವೇ. ಇನ್ನೊಂದು ಡಿಪಾಜಿಟ್. ಯಾವ ಕಾರಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಉಳಿದದ್ದು ಯಾವತ್ತು ವಾಪಸ್ ಎಂದು ಬರೆಸಬೇಕು. ಕರೆಂಟ್ ಮೀಟರಿನ ಫೋಟೋವನ್ನು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತೆಗೆದುಕೊಂಡರೆ ಯುನಿಟ್ ಜಗಳವೇ ಇರುವುದಿಲ್ಲ.

ಅಡುಗೆಯವರ ಲೆಕ್ಕದಲ್ಲೂ ಇದೇ ಆಟ. ಒಬ್ಬರು ಎಲೆಗೆ 160, ಇನ್ನೊಬ್ಬರು 180 ಎನ್ನುತ್ತಾರೆ ಎಂದುಕೊಳ್ಳಿ. 500 ಎಲೆಗೆ 80,000 ಮತ್ತು 90,000. ಮೊದಲನೆಯವರು ಬಡಿಸುವ 12 ಹುಡುಗರಿಗೆ 600ರಂತೆ 7,200, ನೀರಿನ ಬಾಟಲಿಗೆ 4,000, ಗಾಡಿಗೆ 3,500, ಬೆಳಗಿನ 150 ಮಂದಿಯ ಉಪ್ಪಿಟ್ಟು-ಶಿರಾಕ್ಕೆ 50ರಂತೆ 7,500 ಎಂದು ಬೇರೆ ಹಾಕಿದರೆ 1,02,200 ಆಗುತ್ತದೆ. ಎರಡನೆಯವರು ನಾಷ್ಟಾಕ್ಕೆ 40ರಂತೆ 6,000 ಮಾತ್ರ ಹಾಕಿ ಉಳಿದದ್ದನ್ನು ಒಳಗೇ ಹಿಡಿದರೆ 96,000ಕ್ಕೆ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ಜಗಳ ಎಲೆಯ ಎಣಿಕೆಯದು. ಕನಿಷ್ಠ 500 ಎಂದು ಒಪ್ಪಿದ ಮೇಲೆ 430 ಮಂದಿ ಬಂದರೂ 500ರ ರೊಕ್ಕ ಕೊಡಬೇಕು. ಹೀಗಾಗಿ ಕನಿಷ್ಠ ಸಂಖ್ಯೆಯನ್ನು ಕಡಿಮೆ ಇಟ್ಟು, ಹೆಚ್ಚಾದ ಎಲೆಗೂ ಅದೇ ದರ ಎಂದು ಬರೆಸುವುದು ಲೇಸು. ಎಷ್ಟು ಹೆಚ್ಚಿಗೆ ಅಡುಗೆ ಮಾಡಿಟ್ಟಿರುತ್ತಾರೆ ಎಂಬುದನ್ನೂ ಕೇಳಿಕೊಳ್ಳಬೇಕು, ಇಲ್ಲವಾದರೆ ಕೊನೆಯ ಪಂಕ್ತಿಗೆ ಹುಗ್ಗಿ ಸಾಲುವುದಿಲ್ಲ. ಎಣಿಸುವುದಕ್ಕೆ ಊಟ ಶುರುವಾಗುವ ಮುಂಚೆ ಎಲೆಯ ಕಟ್ಟುಗಳನ್ನು ಎಣಿಸಿ ಬರೆದಿಡಿ. ಊಟ ಮುಗಿದ ಮೇಲೆ ಉಳಿದವನ್ನು ಕಳೆಯಿರಿ. ಹರಿದ ಎಲೆ, ಅಡುಗೆಯವರೇ ಉಂಡ ಎಲೆ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಈ ಕೆಲಸಕ್ಕೆ ಮನೆಯವರಲ್ಲಿ ಒಬ್ಬರೇ ನಿಂತಿರಲಿ. ಲಗ್ನದ ಗಡಿಬಿಡಿಯಲ್ಲಿರುವ ವಧುವಿನ ಅಪ್ಪನಿಗೆ ಅದು ಬೇಡ.

ಡೆಕೋರೇಷನ್‌ದಾಗ ಮೋಸ ಹೋಗುವುದು ಮೊಬೈಲಿನ ಫೋಟೋದಿಂದ. ಫೋಟೋದಲ್ಲಿರುವುದು ಬೇರೆ ಮಂಟಪದ, ಬೇರೆ ಅಳತೆಯ ವೇದಿಕೆ. “ಇದೇ ಮಾಡ್ತೇವ್ರಿ” ಎಂಬ ಮಾತಿಗೆ ಬೆಲೆಯಿಲ್ಲ. ನಿಮ್ಮ ವೇದಿಕೆ ಎಷ್ಟು ಅಡಿ ಅಗಲ, ಹೂವು ತಾಜಾ ಎಷ್ಟು ಭಾಗ, ಪ್ಲಾಸ್ಟಿಕ್ ಎಷ್ಟು ಭಾಗ, ಬಾಗಿಲಿನ ಕಮಾನು ಇದರಲ್ಲಿ ಸೇರಿದೆಯೋ ಇಲ್ಲವೋ, ಎಷ್ಟು ಗಂಟೆಗೆ ಬಿಚ್ಚುತ್ತಾರೆ ಎಂಬುದನ್ನು ಬರೆಸಬೇಕು. ಮುಹೂರ್ತ ಹೆಚ್ಚಿರುವ ದಿನಗಳಲ್ಲಿ ಹೂವಿನ ರೇಟ್ ಏರುತ್ತದೆ. ಏರಿದರೆ ಯಾರು ಭರಿಸಬೇಕೆಂಬ ಮಾತು ಅಡ್ವಾನ್ಸ್ ಕೊಡುವಾಗಲೇ ಮುಗಿಯಲಿ.

ಬಿಲ್ಲಿನ ವಿಷಯ ಇನ್ನೊಂದು ಸಂದಿ. “ಬಿಲ್ ಬ್ಯಾಡಂದ್ರ ಜಿಎಸ್‌ಟಿ ಬಿಡ್ತೇವ್ರಿ” ಎನ್ನುವುದು ಸಾಮಾನ್ಯ ಮಾತು. ನೋಂದಣಿ ಇಲ್ಲದವರಿಗೆ ಜಿಎಸ್‌ಟಿ ಹೆಸರಲ್ಲಿ ರೊಕ್ಕ ತೆಗೆದುಕೊಳ್ಳುವ ಅಧಿಕಾರವೇ ಇಲ್ಲ. ನೋಂದಣಿ ಇದ್ದವರ ಬಿಲ್ಲಿನಲ್ಲಿ 15 ಅಕ್ಷರದ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಇಲ್ಲದ ಚೀಟಿಯಲ್ಲಿ ತೆರಿಗೆ ಸಾಲು ಕಂಡರೆ ಕೊಡುವ ಮುಂಚೆ ಕೇಳಿ. ಬಿಲ್ಲು ಬೇಡ ಎಂದವರಿಗೆ ತೆರಿಗೆ ಉಳಿಯಬಹುದು. ಆದರೆ ಡಿಪಾಜಿಟ್ ವಾಪಸ್ ಬರದಿದ್ದಾಗ ತೋರಿಸಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಕಾಗದ ಇದ್ದರೆ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಮಂಟಪದವರ ಕಷ್ಟವೂ ಇದೆ. ಆಷಾಢದಾಗ ಬೀಗ ಹಾಕಿಟ್ಟರೂ ಕಾವಲುಗಾರನ ಪಗಾರ, ಸಾಲದ ಕಂತು ನಿಲ್ಲುವುದಿಲ್ಲ. ಅವರು ಜಾಸ್ತಿ ತೆಗೆದುಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳುವುದನ್ನು ಅಡ್ವಾನ್ಸಿನ ದಿನವೇ ಹೇಳಲಿ ಎಂಬುದಷ್ಟೇ ಮಾತು. ಖಾಸಗಿಯವರಿಗೆ ಇದನ್ನು ಹೇಳುವ ಮುಂಚೆ, ಸರಕಾರದ ರೊಕ್ಕದಲ್ಲಿ ಕಟ್ಟಿ ಪಂಚಾಯ್ತಿ ನಡೆಸುವ ಸಮುದಾಯ ಭವನಗಳು ದಾರಿ ತೋರಿಸಬೇಕು. ಬಾಡಿಗೆ, ಕರೆಂಟ್, ಪಾತ್ರೆ, ಸ್ವಚ್ಛತೆ, ಡಿಪಾಜಿಟ್, ಸಮಯ ಎಂಬ ಆರು ಸಾಲಿನ ದರಫಲಕವನ್ನು ಬಾಗಿಲಲ್ಲಿ ಬರೆಸಲು ಪಂಚಾಯ್ತಿಗೆ ಒಂದು ಡಬ್ಬಿ ಬಣ್ಣ ಸಾಕು. ಬರೆಸದಿದ್ದರೆ ದರ ನಿಗದಿಯ ಠರಾವಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಊರಿನ ಭವನದ ಗೋಡೆ ಮೇಲೆ ಆ ಆರು ಸಾಲು ಕಂಡ ಮಂದಿ, ಪೇಟೆಯ ಮಂಟಪಕ್ಕೆ ಹೋದಾಗ ಅವೇ ಆರು ಪ್ರಶ್ನೆ ಕೇಳುತ್ತಾರೆ.