ನಮ್ಮೂರ ಕಲ್ಲುಸೇತುವೆಗೆ ಹಾಕಿರೋ "15 ಟನ್" ಬೋರ್ಡು ಸುಳ್ಳು

ನಮ್ಮೂರಿಗೂ ಪಾಂಡವಪುರದ ಕಡೆ ಹೋಗೋ ದಾರಿಗೂ ನಡುವೆ ಉಪನಾಲೆ ಮೇಲೆ ಒಂದು ಕಲ್ಲಿನ ಸೇತುವೆ ಇದೆ. ಎರಡು ಕಡೆ ಕಲ್ಲಿನ ಗೋಡೆ, ಅದರ ಮೇಲೆ ಎರಡಡಿ ಅಗಲದ ಚಪ್ಪಡಿಗಳು ಸಾಲಾಗಿ, ಅದರ ಮೇಲೆ ಒಂದಡಿ ಮಣ್ಣು ಜಲ್ಲಿ, ಮೇಲೆ ಟಾರು. ಒಳಗೆ ಒಂದು ಕಂಬಿ ಇಲ್ಲ. ನಮ್ಮಜ್ಜನ ಕಾಲದ ಎತ್ತಿನಗಾಡಿ ಇದರ ಮೇಲೇ ಓಡಾಡಿದ್ದು. ಈಗ ಇದರ ಮೇಲೆ ಜಲ್ಲಿ ಟಿಪ್ಪರ್ ಹೋಗುತ್ತೆ, ಎಂ ಸ್ಯಾಂಡ್ ಹೋಗುತ್ತೆ, ನಮ್ಮ ಕಬ್ಬಿನ ಟ್ರಾಲಿ ಹೋಗುತ್ತೆ, ಬೆಳಗ್ಗೆ ಸ್ಕೂಲು ಮಕ್ಕಳ ಬಸ್ಸೂ ಹೋಗುತ್ತೆ.

ಎರಡು ವರ್ಷ ಅರ್ಜಿ ಕೊಟ್ಟ ಮೇಲೆ ಒಂದು ಕಚೇರಿಯೋರು ಬಂದು ನೋಡಿಕೊಂಡು ಹೋದರು. ಆಮೇಲೆ "15 ಟನ್‌ಗಿಂತ ಹೆಚ್ಚಿನ ವಾಹನ ನಿಷೇಧ" ಅಂತ ಬೋರ್ಡು ನೆಟ್ಟರು. ಊರೋರು ಚಪ್ಪಾಳೆ ಹೊಡೆದರು. ನಾನು ಮಾಹಿತಿ ಹಕ್ಕಿನಲ್ಲಿ ಆ 15 ಎಲ್ಲಿಂದ ಬಂತು ಅಂತ ಕೇಳಿದೆ. ಎರಡು ಪುಟದ ಟಿಪ್ಪಣಿ ಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಪಾಸು, ಲೆಕ್ಕ ನನಗೆ ಭಯ ಇಲ್ಲ. ನಮ್ಮ ಪಕ್ಕದೂರಲ್ಲಿ ನಿವೃತ್ತರಾದ ಜೂನಿಯರ್ ಇಂಜಿನಿಯರ್ ಒಬ್ಬರಿದ್ದಾರೆ, ಅವರ ಜಗಲಿ ಮೇಲೆ ಕೂತು ಮೂರು ಸಂಜೆ ಅದನ್ನು ಬಿಡಿಸಿಕೊಂಡೆ. ಲೆಕ್ಕದ ಕೂಡು ಕಳೆ ಎಲ್ಲ ಸರಿ ಇದೆ. ಲೆಕ್ಕಕ್ಕೆ ಮುಂಚೆ ಹಿಡಿದುಕೊಂಡ ಊಹೆಗಳು ತಪ್ಪು. ಅದಕ್ಕೇ ಈ ಬರಹ.

ಮೊದಲು ಟೀ ಅಂಗಡಿ ವಾದ ಮುಗಿಸಿಬಿಡೋಣ. "ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನೋರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇನ್ನೂ ನಿಂತಿಲ್ವಾ, ಕಲ್ಲಿಗೆ ಏನಾಗುತ್ತೆ?" ಅಂತಾರೆ. ನಿಂತಿದೆ, ಸಂತೋಷ. ಕಾವೇರಿ ಎಷ್ಟು ಸಲ ಉಕ್ಕಿದರೂ ನಿಂತಿದೆ. ಅದು ನೀರಿನ ಪರೀಕ್ಷೆ ಕಣ್ರಪ್ಪ, ಚಕ್ರದ ಪರೀಕ್ಷೆ ಬೇರೆ. ತುಂಬಿದ ಎತ್ತಿನಗಾಡಿ ಅಂದರೆ ಒಂದು, ಒಂದೂವರೆ ಟನ್. ಇನ್ನೊಂದು ಕಡೆ ನೋಡಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ರಾತ್ರಿ ಲಾರಿ ಸಮೇತ ಬಿತ್ತು. ಅದಕ್ಕೆ ವಯಸ್ಸು ನಲವತ್ತರ ಆಸುಪಾಸು ಅಷ್ಟೆ. ವಯಸ್ಸು ನೋಡಿ ಸೇತುವೆ ಗಟ್ಟಿ ಅನ್ನೋದೂ ಆಗಲ್ಲ, ಟೊಳ್ಳು ಅನ್ನೋದೂ ಆಗಲ್ಲ. ಅಳೆಯಬೇಕು.

ಇನ್ನು ಲಾರಿ ವಿಷಯ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಲಾರಿಗಳ ಭಾರ ಏರಿಸಿತು. ನಾಲ್ಕು ಟೈರಿನ ಒಂದು ಹಿಂದಿನ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು. ಹತ್ತು ಚಕ್ರದ ಲಾರಿ ಒಟ್ಟು 25 ಟನ್‌ನಿಂದ 28.5ಕ್ಕೆ ಏರಿತು. ಇದು ಕಾನೂನಿನ ಒಳಗಿನ ಭಾರ, ಓವರ್‌ಲೋಡ್ ಲೆಕ್ಕ ಬೇರೆ. ದೆಹಲಿಯಲ್ಲಿ ಒಂದು ಸಹಿಗೆ ಲಾರಿ ಭಾರ ಏರಿತು, ನಮ್ಮೂರ ಚಪ್ಪಡಿ ಒಂದು ನೂಲೂ ದಪ್ಪ ಆಗಲಿಲ್ಲ.

ಈಗ ಟಿಪ್ಪಣಿ ಒಳಗೆ ಹೋಗೋಣ. ಕಲ್ಲು ಅಮುಕಿದರೆ ತಾಳುತ್ತೆ, ಎಳೆದರೆ ತಾಳಲ್ಲ. ಚಪ್ಪಡಿ ಮೇಲೆ ಚಕ್ರ ನಿಂತಾಗ ಮೇಲ್ಮೈ ಅಮುಕಿಕೊಳ್ಳುತ್ತೆ, ತಳ ಎಳೆದುಕೊಳ್ಳುತ್ತೆ. ನಾವು ಚಿಕ್ಕವರಿದ್ದಾಗ ಸ್ಲೇಟನ್ನು ಮಂಡಿ ಮೇಲಿಟ್ಟು ಮುರಿತಿದ್ದೆವಲ್ಲ, ಅದೇ. ಹೊಸ ಗ್ರಾನೈಟ್ ಬಾಗಿ ಮುರಿಯೋದು ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಎಳೆತಕ್ಕೆ ಅಂತ ಹಿಡಿದು, ಹಳೇ ಕಲ್ಲು ಅಂತ ಮೂರರಲ್ಲಿ ಒಂದು ಪಾಲು, 35 ಕಿಲೋ ಮಾತ್ರ ನಂಬಬಹುದು ಅಂತ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಇದರ ಬಗ್ಗೆ ನನ್ನ ತಕರಾರಿಲ್ಲ.

ಗೋಡೆಯಿಂದ ಗೋಡೆಗೆ ಲೆಕ್ಕದ ಉದ್ದ 2.7 ಮೀಟರ್. ಚಪ್ಪಡಿ ಅಗಲ 60 ಸೆಂಟಿಮೀಟರ್, ದಪ್ಪ 30. ಈ ಅಳತೆಗೆ ಒಂದು ಚಪ್ಪಡಿ ತಾಳೋ ಬಾಗುವಿಕೆ 3.15 ಟನ್-ಮೀಟರ್. ಅದರಲ್ಲಿ ತನ್ನ ಭಾರ, ಮೇಲಿನ ಮಣ್ಣು ಟಾರಿನ ಭಾರಕ್ಕೆ 0.75 ಹೋಯಿತು. ಉಳಿದದ್ದು 2.4. ಓಡೋ ಲಾರಿ ಕುಕ್ಕುತ್ತೆ, ಇಷ್ಟು ಗಿಡ್ಡ ಸೇತುವೆಗೆ ಐಆರ್‌ಸಿ ಪ್ರಕಾರ ಆ ಕುಕ್ಕಿಗೆ ಅರ್ಧದಷ್ಟು ಹೆಚ್ಚು ಸೇರಿಸಬೇಕು. ಅದನ್ನು ಕಳೆದರೆ ಚಕ್ರಕ್ಕೆ ಸಿಗೋದು 1.6. ಉದ್ದದ ಲೆಕ್ಕ ಹಾಕಿದರೆ ಒಂದು ಚಪ್ಪಡಿ ನಡುವೆ 2.37 ಟನ್ ಹೊರುತ್ತೆ. ಒಂದು ಬದಿ ಚಕ್ರದ ಭಾರ ಮಣ್ಣಿನಲ್ಲಿ ಹರಡಿ ಎರಡು ಚಪ್ಪಡಿಗೆ ಸಮ ಪಾಲಾಗುತ್ತೆ ಅಂತ ಹಿಡಿದರು. ಹಂಗಾಗಿ ಒಂದು ಬದಿಗೆ 4.7, ಎರಡೂ ಬದಿ ಸೇರಿ ಒಂದು ಆಕ್ಸಲ್‌ಗೆ 9.5 ಟನ್. ಹಿಂದಿನ ಆಕ್ಸಲ್ 9.5 ಇರೋ ಆರು ಚಕ್ರದ ಲಾರಿ ಒಟ್ಟು ಸುಮಾರು 15 ಟನ್ ತೂಗುತ್ತೆ. ಬೋರ್ಡಿನ 15 ಹುಟ್ಟಿದ್ದು ಹಿಂಗೆ.

ಮೊದಲ ತಪ್ಪು ದಪ್ಪದಲ್ಲಿ. ಅವರು ಅಳೆದದ್ದು ಅಂಚಿನ ಚಪ್ಪಡಿ. ರಸ್ತೆ ಮೇಲೆ ನಿಂತು ಟೇಪು ಇಳಿಬಿಟ್ಟರೆ ಸಿಗೋದು ಅದೊಂದೇ. ಬೇಸಿಗೆಯಲ್ಲಿ ನಾಲೆ ನೀರು ನಿಲ್ಲಿಸಿದಾಗ ಅಡಿಗೆ ಇಳಿದು, ಗೋಡೆ ಕಲ್ಲು ಬಿದ್ದುಹೋಗಿರೋ ಕಡೆ ನಾವಿಬ್ಬರು ಒಳಗಿನ ಚಪ್ಪಡಿ ಅಳೆದೆವು. 27 ಸೆಂಟಿಮೀಟರ್. ಹಳೇ ಕಾಲದ ಕಲ್ಲುಕುಟಿಗರು ಕಾಣೋ ಅಂಚಿಗೆ ಒಳ್ಳೇ ಕಲ್ಲು ಇಟ್ಟಿದ್ದಾರೆ. ಮೂರು ಸೆಂಟಿಮೀಟರಿಗೆ ಏನಂತೆ ಅಂತೀರಾ? ಬಾಗುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. 3.15 ಇದ್ದದ್ದು 2.55ಕ್ಕೆ ಇಳಿಯುತ್ತೆ. ಮಣ್ಣಿನ ಭಾರ ಮಾತ್ರ ಹಾಗೇ ಇರುತ್ತೆ. ಅದೇ ಲೆಕ್ಕ ಕೊನೆಯವರೆಗೆ ಮಾಡಿದರೆ ಆಕ್ಸಲ್‌ಗೆ 9.5 ಅಲ್ಲ, 7.3 ಟನ್.

ಎರಡನೇ ತಪ್ಪು ಪಾಲು ಹಾಕಿದ್ದರಲ್ಲಿ. ಎರಡು ಚಪ್ಪಡಿ ಸಮ ಪಾಲು ಹೊರಬೇಕಾದರೆ ಮೇಲಿನ ಮಣ್ಣು ಗಟ್ಟಿ ಇರಬೇಕು, ಎರಡೂ ಒಂದೇ ಮಟ್ಟದಲ್ಲಿ ಕೂತಿರಬೇಕು. ನಮ್ಮ ಸೇತುವೆಯ ಮೂರನೇ ಚಪ್ಪಡಿ ಲಾರಿ ಹತ್ತಿದಾಗ ಟಕ್ ಅಂತ ಸದ್ದು ಮಾಡುತ್ತೆ. ಅಂದರೆ ಒಂದು ಮೂಲೆ ಕೂತಿಲ್ಲ, ತೂಗಾಡ್ತಿದೆ. ಸಂದಿನಲ್ಲಿ ಮಣ್ಣು ನೀರಿಗೆ ಸೋರಿ ಹೋಗಿ ಟಾರಿನಲ್ಲಿ ಗುಂಡಿ ಬಿದ್ದಿದೆ. ಆ ಜಾಗದಲ್ಲಿ ಪಾಲು ಅನ್ನೋದೇ ಇಲ್ಲ. ಒಂದೇ ಚಪ್ಪಡಿ ಪೂರ್ತಿ ಹೊತ್ತರೆ ಮೇಲಿನ 7.3 ಕೂಡ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಈ ಊಹೆ ಬರೆಯುವಾಗ "ಮಣ್ಣು ತುಂಬಿಸಿ, ಚಪ್ಪಡಿ ಕೂರಿಸಿ, ಗುಂಡಿ ಮುಚ್ಚಿದ ಮೇಲೆ ಮಾತ್ರ" ಅಂತ ಷರತ್ತು ಬರೆಯಬೇಕಿತ್ತು. ಬರೆದಿಲ್ಲ.

ಮೂರನೇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೋರ್ಡಿನಲ್ಲಿ ಒಟ್ಟು ಭಾರ ಬರೆದದ್ದು. ಒಂಬತ್ತು ಅಡಿ ಸೇತುವೆಗೆ ಇಡೀ ಲಾರಿ ಕಾಣೋದೇ ಇಲ್ಲ. ಅದರ ಮೇಲೆ ಒಂದು ಸಲಕ್ಕೆ ಒಂದು ಆಕ್ಸಲ್, ಇಲ್ಲಾ ಒಂದು ಜೋಡಿ ಆಕ್ಸಲ್ ನಿಲ್ಲುತ್ತೆ ಅಷ್ಟೆ. ನಮ್ಮದೇ ಉದಾಹರಣೆ ತಗೊಳ್ಳಿ. ಟ್ರಾಕ್ಟರು ಮೂರು ಟನ್, ಒಂದೇ ಆಕ್ಸಲ್ ಟ್ರಾಲಿ ಕಬ್ಬು ಸೇರಿ ಹತ್ತು ಹನ್ನೊಂದು ಟನ್. ಒಟ್ಟು 14. ಬೋರ್ಡಿನ ಪ್ರಕಾರ ಧಾರಾಳವಾಗಿ ಹೋಗಬಹುದು. ಟ್ರಾಲಿ ಆಕ್ಸಲ್ ಮೇಲೆ ಮಾತ್ರ ಒಂಬತ್ತು ಟನ್ ದಾಟಿರುತ್ತೆ. ಸೇತುವೆ ತಾಳೋದು ಏಳು! ಇನ್ನೊಂದು ಕಡೆ ಅರೆಬರೆ ತುಂಬಿದ ಹತ್ತು ಚಕ್ರದ ಲಾರಿ 16 ಟನ್ ಇದ್ದರೆ ಬೋರ್ಡು ತಡೆಯುತ್ತೆ, ಅದರ ಜೋಡಿ ಆಕ್ಸಲ್ ಸೇತುವೆಗೆ ಹೊರಲಾಗದ ಭಾರ ಅಲ್ಲದೇ ಇರಬಹುದು. ಮುರಿಯೋದನ್ನು ಬಿಟ್ಟು ಮುರಿಯದ್ದನ್ನು ತಡೆಯೋ ಬೋರ್ಡು ಯಾಕೆ ಬೇಕು?

ನನ್ನ ಪ್ರಕಾರ ಬೋರ್ಡು ಹಿಂಗಿರಬೇಕು: ಒಂದು ಆಕ್ಸಲ್‌ಗೆ 7 ಟನ್, ಜೋಡಿ ಆಕ್ಸಲ್‌ಗೆ 12 ಟನ್. ಏಳರ ಎರಡರಷ್ಟು ಹದಿನಾಲ್ಕು ಅಲ್ವಾ ಅಂತ ಕೇಳಬೇಡಿ. ನಾಲ್ಕಡಿ ಅಂತರದ ಎರಡು ಆಕ್ಸಲ್ ಒಟ್ಟಿಗೆ ಚಪ್ಪಡಿ ಮೇಲಿದ್ದಾಗ ಒಂದೊಂದೇ ನಿಂತದ್ದಕ್ಕಿಂತ ಹೆಚ್ಚು ಬಾಗಿಸುತ್ತೆ, ಅದಕ್ಕೆ ಕಡಿತ. ಇದೂ ಗುಂಡಿ ಮುಚ್ಚಿ ಚಪ್ಪಡಿ ಕೂರಿಸಿದ ಮೇಲೆ. ಅಲ್ಲಿವರೆಗೆ ಬೈಕು, ಕಾರು, ಖಾಲಿ ಟ್ರಾಕ್ಟರು ಮಾತ್ರ.

ಇಲ್ಲಿಗೆ ನನ್ನನ್ನ ಬೈಯೋಕೆ ಶುರು ಮಾಡ್ತೀರಿ, ಗೊತ್ತು. ತುಂಬಿದ ಬಸ್ಸಿನ ಹಿಂದಿನ ಆಕ್ಸಲ್ ಕೂಡ ಒಂಬತ್ತು ಹತ್ತು ಟನ್ ಬರುತ್ತೆ. ಅಂದರೆ ಬಸ್ಸೂ ಬರೋ ಹಾಗಿಲ್ಲ. ಹೌದು, ಬಸ್ಸೂ ಬೇಡ. ಮಕ್ಕಳು ಸೇತುವೆ ಆಚೆ ತನಕ ನಡೆದು ಹತ್ತಲಿ, ನನ್ನ ಮೊಮ್ಮಗಳೂ ನಡೆಯುತ್ತಾಳೆ. ಟಿಪ್ಪರ್ ಒಂದನ್ನೇ ನಿಲ್ಲಿಸಿ ಅಂತ ಕೂಗೋದು ಸುಲಭ. ಅದೇ ಬಾಯಲ್ಲಿ ನಮ್ಮ ಕಬ್ಬನ್ನು ಬಿಡಿ ಅಂದರೆ ನಾವು ಸೇತುವೆ ಪರ ಅಲ್ಲ, ನಮ್ಮ ಪರ ಅಷ್ಟೆ. ಟ್ರಾಲಿಗೆ ಐದು ಟನ್ ಕಬ್ಬು ಹಾಕಿ. ಎರಡು ಟ್ರಾಲಿ ಕಟ್ಟಿದರೂ ಚಿಂತೆಯಿಲ್ಲ, ಸೇತುವೆಗೆ ಒಂದು ಸಲಕ್ಕೆ ಒಂದೇ ಕಾಣೋದು. ಬಾಡಿಗೆ ಜಾಸ್ತಿ ಬೀಳುತ್ತೆ, ನನಗೂ ಬೀಳುತ್ತೆ.

ಟಿಪ್ಪರ್ ತಡೆಯೋಕೆ ಕೆಲವರು ಕಬ್ಬಿಣದ ಕಮಾನು ಹಾಕಿಸಿ ಅಂತಾರೆ. ಕಮಾನು ಎತ್ತರ ಅಳೆಯುತ್ತೆ, ತೂಕ ಅಳೆಯಲ್ಲ. ಎತ್ತರದ ಹುಲ್ಲಿನ ಗಾಡಿ ನಿಲ್ಲುತ್ತೆ, ಗಿಡ್ಡ ಟ್ರಾಲಿ ತುಂಬ ಜಲ್ಲಿ ನುಸುಳುತ್ತೆ. ತೂಕ ಇರೋದು ಕ್ರಷರ್‌ನ ವೇಬ್ರಿಡ್ಜ್ ಚೀಟಿಯಲ್ಲಿ, ಕಾರ್ಖಾನೆಯ ತೂಕದ ಚೀಟಿಯಲ್ಲಿ. ಅಲ್ಲಿ ಹಿಡೀರಿ.

ಕೊನೆಗೆ ಒಂದು ಮಾತು. ಕಂಬಿ ಹಾಕಿದ ಸೇತುವೆ ಬೀಳೋಕೆ ಮುಂಚೆ ಸಾಮಾನ್ಯವಾಗಿ ಜೋತು ಬಿದ್ದು, ಬಿರುಕು ಬಿಟ್ಟು ಎಚ್ಚರಿಸುತ್ತೆ. ಕಲ್ಲು ಹಂಗಲ್ಲ, ಒಂದೇ ಏಟಿಗೆ ಎರಡು ತುಂಡು. ನಾವು ಅಡಿಗೆ ಇಳಿದ ದಿನ ಮೂರನೇ ಚಪ್ಪಡಿಯ ತಳದ ನಡುಮಧ್ಯದಲ್ಲಿ ಕೂದಲೆಳೆಯ ಗೆರೆ ಕಂಡಿತು, ಆ ಗೆರೆಯಲ್ಲೇ ತೇವ ಇತ್ತು. ಅದರ ಮೇಲೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಬಳಿದು ತಾರೀಖು ಕೆತ್ತಿ ಬಂದೆವು. ಇಪ್ಪತ್ತು ದಿನಕ್ಕೆ ಪಟ್ಟಿ ಸೀಳಿದೆ. ಅಂದರೆ ಆ ಗೆರೆ ಹಳೇದಲ್ಲ, ಬೆಳೀತಿದೆ. ಇಂಥ ಚಪ್ಪಡಿಗೆ ಏಳು ಟನ್ ಲೆಕ್ಕವೂ ಅನ್ವಯಿಸಲ್ಲ, ಅದನ್ನು ತೆಗೆಯಲೇಬೇಕು. ಫೋಟೋ ಹಾಕಿ ಅರ್ಜಿ ಕೊಟ್ಟಿದ್ದೀನಿ. ನಾಲೆಗೆ ನೀರು ಬಿಡೋ ಮುಂಚೆ ಆ ಚಪ್ಪಡಿ ಬದಲಾಗಲಿ. ಇಲ್ಲವೇ ಗೋಡೆಯಿಂದ ಗೋಡೆಗೆ ಕಲ್ಲಿಗೆ ತಾಗದ ಹಾಗೆ ಕಾಂಕ್ರೀಟ್ ಸ್ಲ್ಯಾಬ್ ಬೀಳಲಿ, ಅದಕ್ಕೂ ಮುಂಚೆ ಗೋಡೆ ಅಷ್ಟು ಹೊರುತ್ತಾ ಅಂತ ನೋಡಲಿ. ಹೊಸ ಟಿಪ್ಪಣಿ ಬರೆದರೆ ಅದರ ಊಹೆಗಳ ಹಾಳೆಯನ್ನೂ ಪಂಚಾಯಿತಿ ಗೋಡೆಗೆ ಅಂಟಿಸಲಿ.

ನಿಮ್ಮೂರ ಕಡೆ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಇಂಥ ಚಪ್ಪಡಿ ಸೇತುವೆ ಇದ್ದರೆ ನೀರು ನಿಂತಿರುವಾಗ ಒಮ್ಮೆ ಅಡಿಗೆ ಇಳಿದು ಒಳಗಿನ ಕಲ್ಲಿನ ದಪ್ಪ ಅಳೀರಿ. ಮೇಲೆ ಗಾಡಿ ಬರದ ಹೊತ್ತು ನೋಡಿ ಇಳೀರಿ.