ಕಚ್ಚಾ ಬತ್ತಿ ಯಾವ ದಾಸ್ತಾನು?

ಊದುಬತ್ತಿ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕೋಣೆಯಲ್ಲಿ ಬಿದಿರು ಕಡ್ಡಿ, ಇದ್ದಲು ಪುಡಿ, ಜಿಗಟು, ಸುಗಂಧ ತೈಲ, ಖಾಲಿ ಪೊಟ್ಟಣಗಳಿವೆ. ಪಡಸಾಲೆಯಲ್ಲಿ ಹೊಸೆದ ಬತ್ತಿ ಒಣಗುತ್ತಿದೆ. ಅದಕ್ಕಿನ್ನೂ ಸುಗಂಧ ಹಾಕಿಲ್ಲ. ಇನ್ನೊಂದು ಕೋಣೆಯಲ್ಲಿ ಪೊಟ್ಟಣ ಕಟ್ಟಿದ ಮಾಲು ಮಾರಾಟಕ್ಕೆ ಕಾದಿದೆ. ಮೊದಲನೆಯದು ಕಚ್ಚಾ ಸಾಮಗ್ರಿ, ಎರಡನೆಯದು ಅರೆಸಿದ್ಧ ಸರಕು, ಮೂರನೆಯದು ಸಿದ್ಧ ಸರಕು.

ಇಲ್ಲೇ ವಿದ್ಯಾರ್ಥಿ ಎಡವುವುದು. ಒಣಗುತ್ತಿರುವ ಬತ್ತಿಗೆ ಕಾರ್ಖಾನೆಯವರು ‘ಕಚ್ಚಾ ಬತ್ತಿ’ ಎನ್ನುತ್ತಾರೆ. ಹೆಸರಿನಲ್ಲಿ ‘ಕಚ್ಚಾ’ ಇರುವುದರಿಂದ ಅವನು ಅದನ್ನು ಕಚ್ಚಾ ಸಾಮಗ್ರಿಗೆ ಸೇರಿಸಿಬಿಡುತ್ತಾನೆ. ಆದರೆ ಈ ಕಾರ್ಖಾನೆಯ ಕೂಲಿ ಅದಕ್ಕಾಗಲೇ ಸೇರಿದೆ. ಆದ್ದರಿಂದ ಅದು ಅರೆಸಿದ್ಧ ಸರಕು. ಹೊಸೆದ ಬತ್ತಿಯನ್ನೇ ಹೊರಗಿನಿಂದ ಕೊಂಡು ಬರಿಯ ಸುಗಂಧ ಹಾಕಿ ಮಾರುವವರಿಗೆ ಅದೇ ಬತ್ತಿ ಕಚ್ಚಾ ಸಾಮಗ್ರಿ. ವಸ್ತುವಿನ ಹೆಸರು ಮುಖ್ಯವಲ್ಲ, ನಮ್ಮಲ್ಲಿ ಅದರ ಮೇಲೆ ಕೆಲಸ ನಡೆದಿದೆಯೇ ಎಂಬುದು ಮುಖ್ಯ.

ಈಗ ಒಂದು ತಿಂಗಳ ಲೆಕ್ಕ ಹಾಕೋಣ. ತಿಂಗಳ ಆರಂಭದಲ್ಲಿ ಕಚ್ಚಾ ಸಾಮಗ್ರಿ 40,000 ರೂಪಾಯಿಯದು. ಖರೀದಿ 2,10,000, ಅದನ್ನು ತಂದ ಲಾರಿ ಬಾಡಿಗೆ 5,000. ಕೊನೆಗೆ ಉಳಿದದ್ದು 35,000. ಅಂದರೆ ಬಳಸಿದ ಸಾಮಗ್ರಿ 2,20,000. ಇದಕ್ಕೆ ಬತ್ತಿ ಹೊಸೆದ, ಸುಗಂಧ ಹಾಕಿ ಕಟ್ಟಿದ ನೇರ ಕೂಲಿ 1,20,000 ಸೇರಿಸಿದರೆ ಮೂಲ ವೆಚ್ಚ 3,40,000. ಕಾರ್ಖಾನೆಯ ಬಾಡಿಗೆ, ವಿದ್ಯುತ್, ಮೇಲ್ವಿಚಾರಕರ ಸಂಬಳ ಇವೆಲ್ಲ 60,000. ಒಟ್ಟು 4,00,000.

ಇದು ಈ ತಿಂಗಳು ಕಾರ್ಖಾನೆಯಲ್ಲಿ ಆದ ಖರ್ಚು, ಈ ತಿಂಗಳು ಮುಗಿದ ಮಾಲಿನ ವೆಚ್ಚವಲ್ಲ. ಹಿಂದಿನ ತಿಂಗಳು ಅರ್ಧಕ್ಕೆ ನಿಂತಿದ್ದ 30,000 ರೂಪಾಯಿಯ ಬತ್ತಿ ಈಗ ಮುಗಿಯಿತು, ಅದನ್ನು ಕೂಡಿಸಬೇಕು. ಈ ತಿಂಗಳ ಕೊನೆಗೆ 50,000 ರೂಪಾಯಿಯದು ಅರ್ಧಕ್ಕೆ ನಿಂತಿದೆ, ಅದನ್ನು ಕಳೆಯಬೇಕು. ಉಳಿಯುವ 3,80,000 ರೂಪಾಯಿಯೇ ತಯಾರಾದ ಸರಕಿನ ವೆಚ್ಚ. ಪಟ್ಟಿ ಇಲ್ಲಿಗೆ ಮುಗಿಯಿತು. ಸಿದ್ಧ ಸರಕಿನ ದಾಸ್ತಾನನ್ನು ಇದರೊಳಗೆ ತರಬಾರದು. ಅದು ಮಾರಿದ ಸರಕಿನ ವೆಚ್ಚ ತೆಗೆಯುವ ಮುಂದಿನ ಹೆಜ್ಜೆಗೆ ಸೇರಿದ್ದು.

ಆ 50,000ವನ್ನು ನಮ್ಮ ವಿದ್ಯಾರ್ಥಿ ಕಚ್ಚಾ ಸಾಮಗ್ರಿಯ ಉಳಿಕೆಗೆ ಸೇರಿಸಿದ ಎನ್ನಿ. ಕೊನೆಯ ಮೊತ್ತ ಆಗಲೂ 3,80,000 ಬರುತ್ತದೆ! ಉತ್ತರ ಸರಿಯೆಂದು ಅವನು ಸಮಾಧಾನಪಡುತ್ತಾನೆ. ಆದರೆ ಬಳಸಿದ ಸಾಮಗ್ರಿ 1,70,000ಕ್ಕೆ, ಮೂಲ ವೆಚ್ಚ 2,90,000ಕ್ಕೆ ಇಳಿದಿವೆ. ಎರಡೂ ತಪ್ಪು. ಕೊನೆಯ ಸಾಲು ಕೂಡಿಬಂದ ಮಾತ್ರಕ್ಕೆ ಪಟ್ಟಿ ಸರಿಯಾಗುವುದಿಲ್ಲ.

ಇದಕ್ಕಿಂತ ದುಬಾರಿಯಾದ ತಪ್ಪು ಬೆಲೆ ಕಟ್ಟುವುದರಲ್ಲಿದೆ. ಒಣಗುತ್ತಿರುವ ಬತ್ತಿಯ 50,000ದಲ್ಲಿ ಸಾಮಗ್ರಿ 30,000, ಕೂಲಿ 15,000, ಕಾರ್ಖಾನೆ ಖರ್ಚಿನ ಪಾಲು 5,000. ಮಾಲೀಕರು ‘ಸಾಮಗ್ರಿಯಷ್ಟೇ ತಾನೆ’ ಎಂದು 30,000 ಮಾತ್ರ ಹಿಡಿದರೆ ತಯಾರಾದ ಸರಕಿನ ವೆಚ್ಚ 4,00,000ಕ್ಕೆ ಏರುತ್ತದೆ. ಮುಗಿದದ್ದು 19,000 ಪೊಟ್ಟಣ. ಒಂದಕ್ಕೆ ನಿಜವಾಗಿ ಬಿದ್ದದ್ದು 20 ರೂಪಾಯಿ. ತಪ್ಪು ಲೆಕ್ಕದಲ್ಲಿ 21 ರೂಪಾಯಿ 5 ಪೈಸೆ. 21 ರೂಪಾಯಿಗೆ ದೊಡ್ಡ ಆರ್ಡರ್ ಕೊಡಲು ಬಂದ ವ್ಯಾಪಾರಿಯನ್ನು ‘ಅಸಲೂ ಹುಟ್ಟುವುದಿಲ್ಲ’ ಎಂದು ಅವರು ಹಿಂದಕ್ಕೆ ಕಳಿಸಿದರೂ ಕಳಿಸಿದರೇ! ಮುಂದಿನ ತಿಂಗಳು ಆರಂಭದ ದಾಸ್ತಾನು 20,000 ಕಡಿಮೆ ಇರುವುದರಿಂದ ಅದೇ ಮಾಲು ಅಗ್ಗವಾಗಿ ಕಾಣುತ್ತದೆ. ಕೆಲಸದಲ್ಲಿ ಏನೂ ಬದಲಾಗದೆ ವೆಚ್ಚ ಒಂದು ತಿಂಗಳು ಏರಿ ಮರುತಿಂಗಳು ಇಳಿದರೆ, ಮೊದಲು ಅರೆಸಿದ್ಧ ಸರಕಿನ ಬೆಲೆಯನ್ನು ನೋಡಿ.

ಮಾಲು ಎಲ್ಲೂ ತಪ್ಪಿಹೋಗಿಲ್ಲವೇ ಎಂದು ತಿಳಿಯಲು ಹಣ ಬಿಟ್ಟು ಪೊಟ್ಟಣ ಎಣಿಸಿ. ಆರಂಭದಲ್ಲಿ 3,000 ಪೊಟ್ಟಣ ಇದ್ದವು, 19,000 ತಯಾರಾದವು, 17,500 ಮಾರಿದವು, 4,500 ಉಳಿಯಬೇಕು. ಹಿಂದಿನ ತಿಂಗಳ ಮಾಲಿಗೂ 20 ರೂಪಾಯಿಯೇ ಬಿದ್ದಿದ್ದರೆ ಸಿದ್ಧ ಸರಕು ಆರಂಭದಲ್ಲಿ 60,000, ಕೊನೆಗೆ 90,000. ಈಗ 60,000ಕ್ಕೆ 3,80,000 ಕೂಡಿಸಿ 90,000 ಕಳೆಯಿರಿ: ಮಾರಿದ ಸರಕಿನ ವೆಚ್ಚ 3,50,000. 17,500 ಪೊಟ್ಟಣವನ್ನು 20ರಿಂದ ಗುಣಿಸಿದರೂ ಅಷ್ಟೇ ಬರುತ್ತದೆ. ಗೋದಾಮಿನಲ್ಲಿ ಎಣಿಸಿದಾಗ 4,500 ಸಿಗದಿದ್ದರೆ ತಪ್ಪು ಪಟ್ಟಿಯಲ್ಲಿರಲಿಕ್ಕಿಲ್ಲ, ಬಾಗಿಲಲ್ಲಿ ಹೋದ ಮಾಲಿನಲ್ಲಿರಬಹುದು.